ಪ್ರಶ್ನಾರ್ಥಕ ಚಿಹ್ನೆಯ ಆಚೆಗಿದ್ದ ಸಂಖ್ಯೆ

ತಿಕೋಟಾ, ಬಬಲೇಶ್ವರ ಭಾಗದ ಸುದ್ದಿ ಕಳಿಸುವ ಸ್ಟ್ರಿಂಗರ್‌ನ ಮೊಬೈಲಿಗೆ ಬರುವ ಫೋಟೊಗಳು ಹೆಚ್ಚಾಗಿ ಒಂದೇ ನಮೂನೆಯವು. ಒಡೆದ ಪೈಪ್‌ಲೈನ್, ಆಲಿಕಲ್ಲು ಬಿದ್ದು ಉದುರಿದ ದ್ರಾಕ್ಷಿ, ಶಾಲು ಹೊದ್ದು ಸಾಲಾಗಿ ನಿಂತ ಮುಖಂಡರು. ಈಚೆಗೆ ಇವುಗಳ ಜತೆ ಇನ್ನೊಂದು ನಮೂನೆ ಸೇರಿದೆ: ಪ್ರಶ್ನೆಪತ್ರಿಕೆಯ ಫೋಟೊ. ಯಾವುದಾದರೂ ನೇಮಕಾತಿ ಪರೀಕ್ಷೆಯ ತಾತ್ಕಾಲಿಕ ಕೀ ಉತ್ತರ ಪ್ರಕಟವಾದ ದಿನ ಸಂಜೆಯೊಳಗೆ ನಾಲ್ಕಾರಾದರೂ ಬರುತ್ತವೆ. ಕೆಳಗೆ ಒಂದೇ ಸಾಲು: "ಅಣ್ಣಾರ, ಈ ಪ್ರಶ್ನೆ ತಪ್ಪೈತ್ರೀ, ಪೇಪರಿನ್ಯಾಗ ಹಾಕ್ರಿ."

ಪತ್ರಿಕೋದ್ಯಮ ಡಿಪ್ಲೊಮಾ ಮಾಡುವುದಕ್ಕೆ ಮೊದಲು ನಾನೂ ವಿಜಯಪುರದಲ್ಲಿ ಖೋಲಿ ಹಿಡಿದು ಎರಡು ವರ್ಷ ಇವೇ ಪರೀಕ್ಷೆಗಳಿಗೆ ಓದಿದವನು. ಅದಕ್ಕೇ ಇಂಥ ಫೋಟೊ ಬಂದರೆ ಅಳಿಸದೆ ಬಿಡಿಸಿ ನೋಡುವ ಚಟ ಉಳಿದಿದೆ. ಬಂದದ್ದರಲ್ಲಿ ಹೆಚ್ಚಿನವು ಪ್ರಚಲಿತ ವಿದ್ಯಮಾನದ ತಕರಾರು. ಅವುಗಳಿಗೆ ಪುಸ್ತಕ, ಗೆಜೆಟ್, ಸರ್ಕಾರಿ ಆದೇಶ ಏನಾದರೂ ಒಂದು ದಾಖಲೆ ಸಿಗುತ್ತದೆ. ಸಂಖ್ಯಾ ಸರಣಿಯ ತಕರಾರಿಗೆ ಯಾವ ಗೆಜೆಟ್ಟೂ ಇಲ್ಲ. ಅಲ್ಲಿ ದಾಖಲೆ ಎಂದರೆ ಆ ನಾಲ್ಕಾರು ಸಂಖ್ಯೆಗಳು ಮಾತ್ರ. ಹೀಗಾಗಿ ಅಂಥದ್ದೊಂದು ಫೋಟೊದ ಕತೆಯನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಪರೀಕ್ಷೆ ಯಾವುದು, ನಡೆಸಿದವರು ಯಾರು ಎಂಬುದು ಬೇಡ. ಹುಡುಗರ ಹೆಸರೂ ಬೇಡ.

ಫೋಟೊ ಕಳಿಸಿದವನು ತಿಕೋಟಾ ಹತ್ತಿರದ ಹುಡುಗ. ಮಣೂಕದ ಶೆಡ್ಡಿನಲ್ಲಿ ಕೆಲಸ ಮಾಡುತ್ತ ಓದುತ್ತಾನೆ. ವಯೋಮಿತಿ ಲೆಕ್ಕದಲ್ಲಿ ಅವನಿಗೆ ಇದು ಕಡೆಯ ಅವಕಾಶ. ಕೀ ಉತ್ತರ ಹಿಡಿದು ಎಣಿಸಿಕೊಂಡಾಗ, ಅವನ ವರ್ಗಕ್ಕೆ ಎಲ್ಲರೂ ಅಂದಾಜು ಮಾಡುತ್ತಿದ್ದ ಕಟ್‌ಆಫ್‌ಗಿಂತ ಒಂದಂಕ ಕೆಳಗೆ ನಿಂತಿದ್ದ. ಆಕ್ಷೇಪಣೆ ಸಲ್ಲಿಸಲು ಮರುದಿನ ಸಂಜೆಯವರೆಗೆ ಸಮಯ. ಪ್ರತಿ ಆಕ್ಷೇಪಣೆಗೆ ಶುಲ್ಕ ಕಟ್ಟಬೇಕು, ಸಮರ್ಥನೆ ಬರೆಯಬೇಕು. ಫೋನಿನಲ್ಲಿ ಅವನು ಹೇಳಿದ್ದು ಇಷ್ಟು:

"ಅಣ್ಣಾರ, ನಾ 114 ಹಾಕೀನ್ರಿ. ಕೀ ಉತ್ತರದಾಗ 122 ಕೊಟ್ಟಾರ. ಎರಡೂ ಬರ್ತಾವ್ರಿ ನೋಡ್ರಿ. ಎರಡೂ ಬರ್ತಾವಂದ್ರ ಪ್ರಶ್ನೆನ ತಪ್ಪಲ್ರೀ? ಗ್ರೇಸ್ ಕೊಡಬೇಕಲ್ರೀ?"

ಮಾತಿನಲ್ಲಿ ಹುರುಳಿತ್ತು. ಒಂದೇ ಸರಣಿಗೆ ಎರಡು ಉತ್ತರ ಸಮಾನವಾಗಿ ಸರಿಹೊಂದುವುದಾದರೆ ಆ ಪ್ರಶ್ನೆಯನ್ನು ಕೈಬಿಡಿ ಎಂದು ಕೇಳುವುದು ನ್ಯಾಯವೇ. ಸುದ್ದಿಯೂ ಆಗುತ್ತದೆ. ಆದರೆ ಮೊದಲು ಫೋಟೊ ಓದಬೇಕು.

ಅವನ ತಮ್ಮ ಹಿಂದಿನ ರಾತ್ರಿ ತೋಟದ ಮನೆಯಲ್ಲಿ ಬಲ್ಬಿನ ಬೆಳಕಿಗೆ ತೆಗೆದ ಫೋಟೊ ಅದು. ಪ್ರಶ್ನೆಪತ್ರಿಕೆಯನ್ನು ನಡುವೆ ಮಡಚಲಾಗಿತ್ತು, ಹಾಗಾಗಿ ಕನ್ನಡದ ಭಾಗವಷ್ಟೇ ಕಾಣುತ್ತಿತ್ತು. ಇಂಗ್ಲಿಷ್ ಭಾಗ ಮಡಿಕೆಯ ಹಿಂದೆ. ಹಾಳೆ ಹಿಡಿದ ಹೆಬ್ಬೆರಳು ಎಡಗಡೆಯ ಅಂಚನ್ನು ಮುಚ್ಚಿತ್ತು. ಇನ್ನೊಂದು ಸಣ್ಣ ಸುಕ್ಕು ಸರಿಯಾಗಿ ಮೂರನೆಯ ಸಂಖ್ಯೆಯ ಮೇಲೆ ಹಾದುಹೋಗಿತ್ತು. ಕಾಣುತ್ತಿದ್ದುದು ಹೀಗೆ: 6, 13, ಆಮೇಲೆ ಇಪ್ಪತ್ತರ ಮನೆಯ ಯಾವುದೋ ಒಂದು ಸಂಖ್ಯೆ, 59, ಪ್ರಶ್ನಾರ್ಥಕ ಚಿಹ್ನೆ. ಆಯ್ಕೆಗಳು 114, 118, 122, 124.

ಮೂರನೆಯದು 23ಓ, 26ಓ, 28ಓ? ಎಷ್ಟು ದೊಡ್ಡದು ಮಾಡಿ ನೋಡಿದರೂ ಮೂರೂ ಹಾಗೇ ಕಾಣುತ್ತಿದ್ದವು. ಮುದ್ರಣದ 3, 6, 8ರ ಬಲಭಾಗದ ಕೆಳಗಿನ ಸುತ್ತು ಒಂದೇ ತೆರನಾದದ್ದು. ಎಡಭಾಗ ಸುಕ್ಕಿನಲ್ಲಿ ಹೋದರೆ ಗುರುತಿಸಲು ಏನೂ ಉಳಿಯುವುದಿಲ್ಲ.

ಇಲ್ಲಿ ಎಲ್ಲರೂ ಮಾಡುವ ಕೆಲಸ, ಉಳಿದ ಸಂಖ್ಯೆಗಳಿಂದ ಮಸುಕಾದದ್ದನ್ನು ಊಹಿಸುವುದು. ನಾನೂ ಅದನ್ನೇ ಮಾಡಿ ನೋಡಿದೆ. 6ರಿಂದ 13ಕ್ಕೆ ಹೋದದ್ದು ಎರಡರಷ್ಟಕ್ಕಿಂತ ತುಸು ಹೆಚ್ಚು. ಕಡೆಗೆ 59. ಮೂರು ಹೆಜ್ಜೆಯಲ್ಲಿ ಸುಮಾರು ಹತ್ತು ಪಟ್ಟು ಆಗಿದೆ. ಪ್ರತಿ ಹೆಜ್ಜೆಗೆ ಎರಡು ಪಟ್ಟಾದರೆ ಎಂಟು ಪಟ್ಟು ಆಗುತ್ತಿತ್ತು, ಅಂದರೆ 48. ಉಳಿದದ್ದು ಕೂಡಿಸಿದ್ದಿರಬೇಕು. ಸರಣಿ ಕೈಗೆ ಬಂದಾಗ ನಾನು ಮೊದಲು ನೋಡುವುದು ಈ ಓಟವನ್ನೇ. ಸಂಖ್ಯೆಗಳು ನಡೆಯುತ್ತಿವೆಯೋ, ಓಡುತ್ತಿವೆಯೋ? ನಡೆಯುತ್ತಿದ್ದರೆ ವ್ಯತ್ಯಾಸ ತೆಗೆಯಬೇಕು. ಓಡುತ್ತಿದ್ದರೆ ಗುಣಾಕಾರ ಹುಡುಕಬೇಕು. ಒಮ್ಮೆ ಏರಿ ಒಮ್ಮೆ ಇಳಿಯುತ್ತಿದ್ದರೆ ಎರಡು ಸರಣಿಗಳನ್ನು ಹೆಣೆದಿರುವ ಸಂಶಯಪಡಬೇಕು. ಇದು ಓಡುವ ಸರಣಿ.

ಹಾಗಾದರೆ ಎರಡರಿಂದ ಗುಣಿಸಿ ಎಷ್ಟು ಉಳಿಯುತ್ತದೆ ನೋಡೋಣ. 6ರ ಎರಡರಷ್ಟು 12, ಉಳಿದದ್ದು 1. ಮೂರನೆಯದು 26 ಎಂದರೆ 13ರ ಎರಡರಷ್ಟು, ಉಳಿದದ್ದು ಸೊನ್ನೆ. ಆಮೇಲೆ 52, ಉಳಿದದ್ದು 7. ಅಂದರೆ 1, 0, 7. ಏನೂ ಆಗಲಿಲ್ಲ. 23 ಎಂದರೆ 13ರ ಎರಡರಷ್ಟಕ್ಕೆ 3 ಕಡಿಮೆ, ಆಮೇಲೆ 46, ಉಳಿದದ್ದು 13. ಅದೂ ಇಲ್ಲ. 28 ಎಂದರೆ 26, ಉಳಿದದ್ದು 2. 28ರ ಎರಡರಷ್ಟು 56, 59ಕ್ಕೆ ಉಳಿದದ್ದು 3. ಉಳಿಕೆಗಳು 1, 2, 3. ಮುಂದಿನದು 59ರ ಎರಡರಷ್ಟು 118, ಜತೆಗೆ 4, ಒಟ್ಟು 122. ಕೀ ಉತ್ತರ ಬಂತು. ಆಯ್ಕೆಯಲ್ಲಿ 118 ಯಾಕೆ ಇದೆ ಎಂಬುದೂ ತಿಳಿಯಿತು: ಎರಡರಷ್ಟು ಮಾಡಿ ಉಳಿಕೆ ಕೂಡಿಸಲು ಮರೆಯುವವರಿಗಾಗಿ.

ಇಷ್ಟಕ್ಕೆ ಖುಷಿಯಾಗಿ ಫೋನ್ ಇಡುವುದು ಸುಲಭ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಸಂಖ್ಯೆಗಳನ್ನು ಓದಿ ನಿಯಮ ಕಂಡುಕೊಂಡಿದ್ದರೆ ಒಂದು ಮಾತು. ನಾನು ಮಾಡಿದ್ದು ಉಲ್ಟಾ. ನಿಯಮ ಚೆಂದ ಕಾಣುವಂತೆ ಮೂರನೆಯ ಸಂಖ್ಯೆಯನ್ನು ಓದಿಕೊಂಡೆ. ಅದು 28 ಎಂದು ನನಗೆ ಹೇಳಿದ್ದು ನಿಯಮ. ಇನ್ನು ಆ 28ನ್ನೇ ಎತ್ತಿ ತೋರಿಸಿ ನಿಯಮ ಸರಿ ಎಂದು ವಾದಿಸುವಂತಿಲ್ಲ. ಸಂಶಯವಿದ್ದ ಅಂಕಿಯನ್ನು ಊಹೆಯಿಂದ ತುಂಬಿದ ಮೇಲೆ ಅದು ಸಾಕ್ಷಿಯ ಕಟ್ಟೆ ಏರುವ ಹಕ್ಕು ಕಳೆದುಕೊಳ್ಳುತ್ತದೆ. ಅದು 28 ಹೌದೋ ಅಲ್ಲವೋ ಎಂದು ಹುಡುಗನನ್ನೇ ಕೇಳಿದೆ. "28 ಅಣ್ಣಾರ, ನನಗ ಪಕ್ಕಾ ನೆಪ್ಪೈತಿ" ಎಂದ. ಸರಿ, ಸದ್ಯಕ್ಕೆ ಒಪ್ಪಿಕೊಂಡೆ.

ಈಗ ಅವನ 114. ಅವನು ಮಾಡಿದ್ದು ವ್ಯತ್ಯಾಸದ ಹಾದಿ. 6, 13, 28, 59ರ ನಡುವಿನ ವ್ಯತ್ಯಾಸ 7, 15, 31. ಆ ವ್ಯತ್ಯಾಸಗಳ ವ್ಯತ್ಯಾಸ 8, 16. "ಎಂಟರ ಮಗ್ಗಿ ಐತ್ರಿ ಅಣ್ಣಾರ. 8, 16, ಮುಂದ 24. 31ಕ್ಕ 24 ಕೂಡಿದ್ರ 55. 59ಕ್ಕ 55 ಕೂಡಿದ್ರ 114." ಒಂದು ಅಕ್ಷರ ತಪ್ಪಿಲ್ಲ. ಆದರೆ 8, 16ರ ಮುಂದೆ 24 ಎನ್ನುವುದು ಮಗ್ಗಿಯ ಅಭ್ಯಾಸ. ಎರಡರಷ್ಟು ಆಗುತ್ತಿವೆ ಎಂದುಕೊಂಡರೆ ಮುಂದಿನದು 32. ಆಗ 31ಕ್ಕೆ 32 ಕೂಡಿ 63, 59ಕ್ಕೆ 63 ಕೂಡಿ 122. ಎರಡೇ ಸಂಖ್ಯೆ ಇಟ್ಟುಕೊಂಡು ಮೂರನೆಯದು 24ಓ 32ಓ ಎಂದು ಯಾರೂ ತೀರ್ಪು ಕೊಡಲಾರರು.

ಕೋಚಿಂಗಿನವರು ಇಲ್ಲಿ ಒಂದು ವಾದ ಹೂಡುತ್ತಾರೆ. 122 ಎರಡು ಹಾದಿಯಿಂದ ಬರುತ್ತದೆ, ಗುಣಿಸಿದರೂ ಬರುತ್ತದೆ, ವ್ಯತ್ಯಾಸ ತೆಗೆದರೂ ಬರುತ್ತದೆ, ಹಾಗಾಗಿ ಅದೇ ಗಟ್ಟಿ ಎಂದು. ನನಗಿದು ಒಪ್ಪಿಗೆಯಾಗುವುದಿಲ್ಲ. ಪ್ರತಿ ಸಲ ಎರಡರಷ್ಟು ಮಾಡಿ, ಒಂದೊಂದೇ ಹೆಚ್ಚಾಗುವ ಉಳಿಕೆ ಕೂಡಿಸಿದರೆ, ವ್ಯತ್ಯಾಸಗಳೂ ತಾವಾಗಿಯೇ "ಹಿಂದಿನದರ ಎರಡರಷ್ಟು, ಮೇಲೊಂದು" ಎಂದು ಬೆಳೆಯುತ್ತವೆ. 7ರ ಎರಡರಷ್ಟಕ್ಕೆ ಒಂದು ಕೂಡಿ 15, 15ರ ಎರಡರಷ್ಟಕ್ಕೆ ಒಂದು ಕೂಡಿ 31. ಉಳಿಕೆ ಪ್ರತಿ ಹೆಜ್ಜೆಗೆ ಒಂದೇ ಹೆಚ್ಚಾಗುತ್ತದೆ, ಆ ಒಂದೇ ಇಲ್ಲಿ ಮೇಲೆ ಬಂದು ಕೂತಿದೆ. ಅಂದರೆ ಇವು ಎರಡು ಹಾದಿಯಲ್ಲ, ಒಂದೇ ನಿಯಮವನ್ನು ಎರಡು ಕಡೆಯಿಂದ ನೋಡಿದ್ದು. ನಮ್ಮ ಕಸುಬಿನಲ್ಲಿ ಒಬ್ಬ ಹೇಳಿದ ಸುದ್ದಿಯನ್ನು ಅವನ ತಮ್ಮನೂ ಹೇಳಿದರೆ ಅದು ಎರಡನೆಯ ಮೂಲ ಆಗುವುದಿಲ್ಲ. ತಮ್ಮನಿಗೆ ಹೇಳಿದವನೂ ಅಣ್ಣನೇ.

ಹಾಗಾದರೆ ಕಾಣುತ್ತಿದ್ದ ನಾಲ್ಕು ಸಂಖ್ಯೆಗಳ ಮಟ್ಟಿಗೆ ಹುಡುಗನ ಮಾತು ಸರಿ. 114, 122 ಎರಡೂ ನಿಲ್ಲುತ್ತವೆ. ಅಷ್ಟೇ ಅಲ್ಲ, ನಾಲ್ಕು ಸಂಖ್ಯೆ ಕೊಟ್ಟು ಐದನೆಯದು ಕೇಳಿದರೆ, ಹಟ ಹಿಡಿದವರು ಯಾವ ಸಂಖ್ಯೆ ಬೇಕಾದರೂ ಬರುವಂತೆ ಸೂತ್ರ ಕಟ್ಟಿ ತೋರಿಸಬಹುದು. ಇದನ್ನು ನಂಬದವರಿಗೆ ನಾನೊಂದು ರೊಟ್ಟಿಯ ಲೆಕ್ಕ ಹೇಳುತ್ತೇನೆ. ಜೋಳದ ರೊಟ್ಟಿಯ ಅಂಚಿನಲ್ಲಿ ಎರಡು ಚುಕ್ಕೆ ಇಟ್ಟು ನೇರ ಗೆರೆ ಕೊಯ್ದರೆ 2 ತುಂಡು. ಮೂರು ಚುಕ್ಕೆ ಇಟ್ಟು ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ ಕೊಯ್ದರೆ 4. ನಾಲ್ಕು ಚುಕ್ಕೆಗೆ 8. ಐದು ಚುಕ್ಕೆಗೆ 16. ಒಂದೇ ಚುಕ್ಕೆ ಇದ್ದಾಗ ಕೊಯ್ಯಲು ಗೆರೆಯೇ ಇಲ್ಲ, ರೊಟ್ಟಿ ಇಡಿಯಾಗಿ 1. ಈಗ 1, 2, 4, 8, 16 ಬರೆದು ಮುಂದಿನದು ಕೇಳಿ. ಯಾರಾದರೂ 32 ಎನ್ನುತ್ತಾರೆ. ಆರು ಚುಕ್ಕೆ ಇಟ್ಟು, ಮೂರು ಗೆರೆ ಒಂದೇ ಜಾಗದಲ್ಲಿ ಕೂಡದ ಹಾಗೆ ನೋಡಿಕೊಂಡು ಕೊಯ್ದು ಎಣಿಸಿದರೆ 31 ತುಂಡು. ಎಷ್ಟು ಸಲ ಎಣಿಸಿದರೂ 31. ರೊಟ್ಟಿಯ ಬದಲು ಕಾಗದದ ಮೇಲೆ ದೊಡ್ಡ ವೃತ್ತ ಬರೆದು ನೋಡುವುದು ಅನುಕೂಲ. ಐದು ಸಂಖ್ಯೆ ಸಾಲಾಗಿ ಎರಡರಷ್ಟಾದರೂ ಆರನೆಯದಕ್ಕೆ ಖಾತ್ರಿ ಇರುವುದಿಲ್ಲ.

ನಮ್ಮೂರಿನವರು ಲೀಲಾವತಿ ಬರೆದ ಭಾಸ್ಕರಾಚಾರ್ಯ ವಿಜಯಪುರದವನೆಂದು ಹೆಮ್ಮೆಯಿಂದ ಹೇಳುತ್ತಾರೆ. ಅವನು ಹೇಳಿಕೊಂಡ ವಿಜ್ಜಡವಿಡ ಯಾವ ಊರೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಆ ಜಗಳ ಇಲ್ಲಿ ಬೇಡ. ಲೀಲಾವತಿಯಲ್ಲಿ ಶ್ರೇಢಿಯ ಲೆಕ್ಕಗಳಿವೆ. ಒಂದರಲ್ಲಿ ಒಬ್ಬ ಅರಸ ಶತ್ರುವಿನ ಆನೆಗಳನ್ನು ಹಿಡಿಯಲು ಹೊರಡುತ್ತಾನೆ. ಮೊದಲ ದಿನ 2 ಯೋಜನ ನಡೆಯುತ್ತಾನೆ, ದಿನಾಲು ಒಂದೇ ಪ್ರಮಾಣದಲ್ಲಿ ಹೆಚ್ಚಿಸುತ್ತ 7 ದಿನಕ್ಕೆ 80 ಯೋಜನ ಮುಟ್ಟುತ್ತಾನೆ. ದಿನದ ಹೆಚ್ಚಳ ಎಷ್ಟು? ಉತ್ತರ 22/7 ಯೋಜನ. ಪೂರ್ಣಾಂಕವೂ ಅಲ್ಲ, ಆದರೂ ತಕರಾರಿಲ್ಲ. ಯಾಕೆಂದರೆ ನಿಯಮ ಲೆಕ್ಕದಲ್ಲೇ ಇದೆ: ಹೆಚ್ಚಳ ದಿನಾಲು ಸಮ. ಇಂದಿನ ಪರೀಕ್ಷೆ ಆ ಒಂದು ಮಾತನ್ನು ಬಚ್ಚಿಟ್ಟು, ಅದನ್ನೇ ಹುಡುಕು ಎನ್ನುತ್ತದೆ. ಬಚ್ಚಿಟ್ಟದ್ದು ಸಿಗಬೇಕಾದರೆ ಸುಳಿವು ಸಾಕಷ್ಟಿರಬೇಕು. ಒಳ್ಳೆಯ ಪ್ರಶ್ನೆಗಾರನಿಗೆ ಇದು ಗೊತ್ತಿರುತ್ತದೆ. ನಿಯಮ ಕಟ್ಟಲು ಬೇಕಾದಷ್ಟು ಸಂಖ್ಯೆ ಕೊಟ್ಟು, ಅದರ ಮೇಲೆ ಇನ್ನೊಂದನ್ನು ಪರೀಕ್ಷಿಸಿಕೊಳ್ಳಲು ಕೊಡುತ್ತಾನೆ.

ಆ ಇನ್ನೊಂದು ಇಲ್ಲಿ ಎಲ್ಲಿ?

ಫೋಟೊವನ್ನು ಮತ್ತೆ ದೊಡ್ಡದು ಮಾಡಿದೆ. ಪ್ರಶ್ನಾರ್ಥಕ ಚಿಹ್ನೆಯ ಬಲಕ್ಕೆ, ಸಾಲಿನ ತಳದಲ್ಲಿ, ಒಂದು ಕಪ್ಪು ಚುಕ್ಕೆ. ಹೊಲಸೋ, ಮಸಿಯೋ ಎಂದುಕೊಂಡಿದ್ದೆ. 13ರ ಮುಂದಿನ ಅಲ್ಪವಿರಾಮದ ಜತೆ ಹೋಲಿಸಿದೆ. ಅದೇ ಎತ್ತರ, ಅದೇ ಬಾಲ. ಪ್ರಶ್ನಾರ್ಥಕ ಚಿಹ್ನೆಯಲ್ಲೇ ಸರಣಿ ಮುಗಿದಿದ್ದರೆ ಅಲ್ಪವಿರಾಮ ಯಾಕೆ ಬೇಕು? ಪುಟದಲ್ಲಿ ಕನ್ನಡ ಒಂದು ಕಡೆ, ಇಂಗ್ಲಿಷ್ ಒಂದು ಕಡೆ ಇಕ್ಕಟ್ಟಿನ ಕಾಲಂ. ಕಾಲಂ ಅಗಲ ಸಾಲದಿದ್ದರೆ ಸರಣಿಯ ಬಾಲ ಕೆಳಗಿನ ಸಾಲಿಗೆ, ಎಡ ಅಂಚಿಗೆ ಹೋಗುತ್ತದೆ. ಎಡ ಅಂಚಿನಲ್ಲಿ ಹುಡುಗನ ತಮ್ಮನ ಹೆಬ್ಬೆರಳಿತ್ತು.

ಹುಡುಗನಿಗೆ ಫೋನ್ ಮಾಡಿದರೆ ಶೆಡ್ಡಿನಲ್ಲಿದ್ದ. ಪ್ರಶ್ನೆಪತ್ರಿಕೆ ತೋಟದ ಮನೆಯಲ್ಲಿ, ಬೀಗದ ಕೀ ತಾಯಿ ಹತ್ತಿರ, ತಾಯಿ ವಿಜಯಪುರ ಸಂತೆಗೆ ಹೋಗಿದ್ದಾಳೆ. ನನಗೋ ಆರು ಗಂಟೆಯೊಳಗೆ ಸುದ್ದಿ ಕಳಿಸಬೇಕು, ಇಲ್ಲವೇ ಬಿಡಬೇಕು. ಬಬಲೇಶ್ವರದಲ್ಲಿ ಇದೇ ಪರೀಕ್ಷೆ ಬರೆದ ಒಬ್ಬ ಹುಡುಗಿಯ ನಂಬರ್ ಇತ್ತು, ಹಿಂದೊಮ್ಮೆ ಗ್ರಂಥಾಲಯದ ಸುದ್ದಿಗೆ ಮಾತಾಡಿಸಿದ್ದೆ. ಅವಳಿಗೆ ಪ್ರಶ್ನೆ ವಿವರಿಸಿ, ಆ ಪುಟವನ್ನು ಮಡಚದೆ, ಮೇಜಿನ ಮೇಲಿಟ್ಟು, ಬೆರಳು ತಾಕಿಸದೆ, ನೇರ ಮೇಲಿನಿಂದ ಫೋಟೊ ತೆಗೆದು ಕಳಿಸಲು ಹೇಳಿದೆ. ಅವಳದು ಬೇರೆ ಶ್ರೇಣಿಯ ಪ್ರಶ್ನೆಪತ್ರಿಕೆ. ಪಕ್ಕದವನದು ನೋಡಿ ಬರೆಯಬಾರದೆಂದು ಎ, ಬಿ, ಸಿ, ಡಿ ಎಂದು ಪ್ರಶ್ನೆಗಳ ಕ್ರಮ ಬದಲಿಸಿರುತ್ತಾರಲ್ಲ, ಹಾಗೆ. ಹುಡುಗನಿಗೆ 63ನೆಯದಾಗಿದ್ದ ಪ್ರಶ್ನೆ ಅವಳಿಗೆ 38ನೆಯದು. ಅದು ನನಗೆ ಅನುಕೂಲವೇ ಆಯಿತು. ಬೇರೆ ಪುಟ, ಬೇರೆ ಜಾಗ, ಬೇರೆ ಕ್ಯಾಮೆರಾ. ಒಂದೇ ಸುಕ್ಕು ಎರಡೂ ಕಡೆ ಬೀಳುವುದಿಲ್ಲ.

ಹತ್ತು ನಿಮಿಷದಲ್ಲಿ ಬಂತು. ಕನ್ನಡದ ಕಾಲಮ್ಮಿನಲ್ಲಿ 6, 13, 28, 59, ?, ಎಂದು ಸಾಲು ಮುಗಿದು, ಕೆಳಗೆ ಒಂಟಿಯಾಗಿ 249. ಇಂಗ್ಲಿಷ್ ಕಾಲಮ್ಮಿನಲ್ಲಿ ಅದೆಲ್ಲ ಒಂದೇ ಸಾಲಿನಲ್ಲಿ ಹಿಡಿಸಿತ್ತು, 28 ಸ್ಪಷ್ಟವಾಗಿತ್ತು. ದ್ವಿಭಾಷಾ ಪ್ರಶ್ನೆಪತ್ರಿಕೆಯ ಒಂದು ಉಪಕಾರ ಇದು. ಪದಗಳ ಅನುವಾದ ಹೇಗಾದರೂ ಇರಲಿ, ಸಂಖ್ಯೆಗಳು ಎರಡು ಸಲ ಅಚ್ಚಾಗಿರುತ್ತವೆ.

ಈಗ 249 ಕಾಣುವುದಕ್ಕೆ ಮೊದಲೇ ಎರಡೂ ನಿಯಮಗಳು ನಮ್ಮ ಕೈಯಲ್ಲಿದ್ದವು, ಅದಕ್ಕೇ ಈ ಸಂಖ್ಯೆಯ ಮಾತಿಗೆ ಬೆಲೆ. ಎರಡರಷ್ಟು ಮಾಡಿ ಉಳಿಕೆ ಕೂಡಿಸುವ ನಿಯಮದಲ್ಲಿ 122ರ ಎರಡರಷ್ಟು 244, ಈ ಸಲದ ಉಳಿಕೆ 5, ಒಟ್ಟು 249. ಕೂತಿತು. ಹುಡುಗನ ಮಗ್ಗಿಯ ನಿಯಮದಲ್ಲಿ 8, 16, 24ರ ಮುಂದೆ 32. ವ್ಯತ್ಯಾಸ 55ಕ್ಕೆ 32 ಕೂಡಿ 87. 114ಕ್ಕೆ 87 ಕೂಡಿದರೆ 201. ಅಚ್ಚಾದದ್ದು 249. ಹತ್ತಿರವೂ ಇಲ್ಲ.

ಅವನಿಗೆ ಹೇಳಿದಾಗ ಕೆಲ ಹೊತ್ತು ಮಾತಿಲ್ಲ. ಆಮೇಲೆ, "ಆ 249 ನಾ ನೋಡೀನ್ರಿ ಅಣ್ಣಾರ. ಕೆಳಗಿನ ಸಾಲಿನ್ಯಾಗ ಒಂದ ಇತ್ತಲ್ರೀ, ಆಪ್ಷನ್ ಇರಬೇಕು ಅನಕೊಂಡೆ" ಎಂದ.

ಅವನನ್ನು ದೂರುವುದು ನನಗೆ ಕಷ್ಟ. ಇಂಥ ಪರೀಕ್ಷೆಗಳಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ ಎಂಬ ಲೆಕ್ಕ ಸಾಮಾನ್ಯ. ಒಂದಕ್ಕೆ 54 ಸೆಕೆಂಡು, ಅದರಲ್ಲೇ ಒಎಂಆರ್ ವೃತ್ತ ತುಂಬುವುದೂ ಸೇರಿತು. 249 ಆಯ್ಕೆಗಳ ನೆತ್ತಿಯ ಮೇಲೆಯೇ ಕೂತಿತ್ತು. ಪ್ರಶ್ನಾರ್ಥಕ ಚಿಹ್ನೆ ಕಂಡ ಕೂಡಲೇ ಕಣ್ಣು ಸರಣಿ ಮುಗಿಯಿತು ಎಂದುಕೊಂಡು ಆಯ್ಕೆಗಳಿಗೆ ಹಾರುತ್ತದೆ. ಸಾಲು ಮುರಿಯದಂತೆ ಪುಟ ಕಟ್ಟುವುದು ಡಿಟಿಪಿಯವರಿಗೆ ಎರಡು ನಿಮಿಷದ ಕೆಲಸವಾಗಿತ್ತು. ಇಂಗ್ಲಿಷ್ ಓದಿಕೊಂಡವನಿಗೆ ಆ ತೊಡಕು ಇರಲಿಲ್ಲ, ಕನ್ನಡದಲ್ಲಿ ಓದಿಕೊಂಡವನಿಗೆ ಇತ್ತು. ಆದರೂ ಇದು ತಪ್ಪು ಪ್ರಶ್ನೆಯಲ್ಲ. ಸಂಖ್ಯೆ ಪುಟದಲ್ಲಿತ್ತು, ಅಲ್ಪವಿರಾಮವೂ ಇತ್ತು. "ಪ್ರಶ್ನೆ ತಪ್ಪು" ಎಂದು ಸುದ್ದಿ ಮಾಡಿದ್ದರೆ ಮರುದಿನ ಪೂರ್ತಿ ಪುಟದ ಫೋಟೊ ಹಿಡಿದು ಯಾರಾದರೂ ಕೇಳುತ್ತಿದ್ದರು. ಸುದ್ದಿ ಬರೆಯಲಿಲ್ಲ. ಆ ಪ್ರಶ್ನೆಗೆ ಶುಲ್ಕ ಕಟ್ಟಬೇಡ ಎಂದು ಹುಡುಗನಿಗೂ ಹೇಳಿದೆ. "ಹೌದ್ರಿ" ಎಂದಷ್ಟೇ ಅಂದ. ಆ ಒಂದಂಕ ಅಲ್ಲಿಗೆ ಹೋಯಿತು.

ಕತೆ ಇಲ್ಲಿಗೇ ಮುಗಿಯುತ್ತಿತ್ತು, ಆದರೆ ಬಬಲೇಶ್ವರದ ಹುಡುಗಿ ಕಳಿಸಿದ ಪುಟದಲ್ಲಿ ಕೆಳಗೆ ಇನ್ನೊಂದು ಸರಣಿ ಇತ್ತು. ಅವಳೇ ಅದರ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದಳು. 3, 7, 15, ?. ಆಯ್ಕೆಗಳು 27, 29, 31, 33. ಈ ಸಲ ಪ್ರಶ್ನಾರ್ಥಕ ಚಿಹ್ನೆಯ ಆಚೆ ಏನೂ ಇಲ್ಲ. ಅಲ್ಪವಿರಾಮವಿಲ್ಲ, ಕೆಳಗಿನ ಸಾಲಿನಲ್ಲಿ ಒಂಟಿ ಸಂಖ್ಯೆಯಿಲ್ಲ, ಇಂಗ್ಲಿಷ್ ಕಾಲಮ್ಮಿನಲ್ಲೂ ಇಷ್ಟೇ. ಕೀ ಉತ್ತರ 31. ಅವಳು ತುಂಬಿದ್ದು 27.

"ಸರ, 4, 8, ಆಮ್ಯಾಲ 12 ಅಂತ ನಾ ಹಿಡದೀನ್ರಿ. ಅವರು 16 ಅಂತ ಹಿಡದಾರ. ನಂದು ಯಾಕ ತಪ್ಪು ಅಂತ ಯಾರರ ಹೇಳಬೇಕಲ್ರೀ?"

ಯಾರೂ ಹೇಳಲಾರರು. ಮೂರು ಸಂಖ್ಯೆ, ಎರಡು ವ್ಯತ್ಯಾಸ: 4 ಮತ್ತು 8. ನಾಲ್ಕು ಕೂಡುತ್ತ ಹೋದರೆ 12, ಉತ್ತರ 27. ಎರಡರಷ್ಟು ಮಾಡುತ್ತ ಹೋದರೆ 16, ಉತ್ತರ 31. ಮೊದಲ ಸರಣಿಯಲ್ಲಿ ಹುಡುಗ ಸಿಕ್ಕಿಕೊಂಡದ್ದೂ ಇಂಥ ಕವಲಿನಲ್ಲೇ. ಅಲ್ಲಿ ದಾರಿ ತೋರಿಸಲು 249 ನಿಂತಿತ್ತು, ಇಲ್ಲಿ ಯಾರೂ ಇಲ್ಲ. ಎರಡೂ ಆಯ್ಕೆಯಲ್ಲಿ ಬೇರೆ ಇವೆ. 27 ಆಯ್ಕೆಯಲ್ಲಿ ಇರದೇ ಹೋಗಿದ್ದರೆ ಆಯ್ಕೆಗಳೇ ಸಾಕ್ಷಿಯಾಗುತ್ತಿದ್ದವು, ತಕರಾರು ನಿಲ್ಲುತ್ತಿರಲಿಲ್ಲ.

ಇಂಥ ಆಕ್ಷೇಪಣೆಯಲ್ಲಿ ಹೆಚ್ಚಿನವರು ಬರೆಯುವುದು "ನನ್ನ ಉತ್ತರ ಸರಿ, ನಿಮ್ಮದು ತಪ್ಪು" ಎಂದು. ಅದು ಬಿದ್ದುಹೋಗುತ್ತದೆ, ಯಾಕೆಂದರೆ 31 ತಪ್ಪಲ್ಲ. ಬರೆಯಬೇಕಾದದ್ದು ಎರಡೂ ಸರಿ ಎಂದು. ಮತ್ತು ಎರಡಕ್ಕೂ ಸೂತ್ರ ಕೊಡಬೇಕು, ಬರೀ "ವ್ಯತ್ಯಾಸ ತೆಗೆದರೆ ಬರುತ್ತದೆ" ಎಂದರೆ ಸಾಲದು. ಗಣಿತದ ವಿಷಯ ತಜ್ಞರು ಓದುವಾಗ ಒಂದೇ ನೋಟಕ್ಕೆ ತಾಳೆ ನೋಡುವಂತಿರಬೇಕು. ಅವಳು ಬಿಎಸ್ಸಿ ಓದಿದವಳು, ಸೂತ್ರ ತಾನೇ ಕಟ್ಟಿದಳು. ಸ್ಥಾನವನ್ನು n ಎಂದಿಟ್ಟುಕೊಂಡರೆ:

```
2n² − 2n + 3   →  3, 7, 15, 27
2^(n+1) − 1    →  3, 7, 15, 31
```

ನಾನು ಒಂದೊಂದು ಸ್ಥಾನವೂ ಹಾಕಿ ನೋಡಿದೆ. ಮೊದಲನೆಯ ಸೂತ್ರದಲ್ಲಿ n ಮೂರಾದಾಗ 18ರಿಂದ 6 ಕಳೆದು 3 ಕೂಡಿದರೆ 15, ನಾಲ್ಕಾದಾಗ 32ರಿಂದ 8 ಕಳೆದು 3 ಕೂಡಿದರೆ 27. ಎರಡನೆಯದು ಎಲ್ಲರಿಗೂ ಗೊತ್ತಿರುವಂಥದ್ದು, ಎರಡರ ಘಾತದಿಂದ ಒಂದು ಕಳೆಯುವುದು.

ಇದಕ್ಕೆ ಅವರು ಕೊಡಬಹುದಾದ ಉತ್ತರವನ್ನೂ ಅವಳಿಗೆ ಹೇಳಿದೆ. ಎರಡರಷ್ಟು ಮಾಡಿ ಒಂದು ಕೂಡಿಸುವುದು ಹೆಚ್ಚು ಸರಳ, ಹಾಗಾಗಿ 31 ಎನ್ನಬಹುದು. ಸರಳವೆನ್ನುವುದಕ್ಕೆ ಅಳತೆಗೋಲು ಇಲ್ಲ. ಏಳನೆಯ ತರಗತಿಯ ಮಗುವಿಗೆ 4, 8, 12 ಎನ್ನುವುದೇ ಸರಳ. ಅದನ್ನೂ ಒಂದು ಸಾಲಿನಲ್ಲಿ ಸೇರಿಸಿದಳು: ನಿಯಮದ ಆಯ್ಕೆಯ ಬಗ್ಗೆ ಪ್ರಶ್ನೆಯಲ್ಲಿ ಯಾವ ಸೂಚನೆಯೂ ಇಲ್ಲ, ನಾಲ್ಕನೆಯ ಸಂಖ್ಯೆಯೊಂದನ್ನು ಕೊಟ್ಟು ಐದನೆಯದು ಕೇಳಿದ್ದರೆ ಗೊಂದಲ ಇರುತ್ತಿರಲಿಲ್ಲ ಎಂದು. ಎರಡೂ ಉತ್ತರಕ್ಕೆ ಅಂಕ ಕೊಡಿ, ಇಲ್ಲವೇ ಪ್ರಶ್ನೆ ಕೈಬಿಡಿ ಎಂದು ಕೋರಿದಳು.

ತಿಕೋಟಾದ ಹುಡುಗನಿಗೆ ಈ ಪ್ರಶ್ನೆಯ ಬಗ್ಗೆ ಕೇಳಿದೆ. ಅವನು ಅದನ್ನು ಖಾಲಿ ಬಿಟ್ಟಿದ್ದ. ತಪ್ಪಾದರೆ ಅಂಕ ಕಳೆಯುತ್ತಾರೆಂದು ಬಿಟ್ಟೆ, ಎರಡೂ ಬರುತ್ತಿದ್ದವು ಎಂದ. ಎರಡೂ ಉತ್ತರಕ್ಕೆ ಅಂಕ ಕೊಟ್ಟರೆ ಅವನಿಗೆ ಏನೂ ಸಿಗುವುದಿಲ್ಲ. ಪ್ರಶ್ನೆ ಕೈಬಿಟ್ಟು ಎಲ್ಲರಿಗೂ ಗ್ರೇಸ್ ಕೊಟ್ಟರೆ ಅವನಿಗೂ ಒಂದಂಕ ಬರುತ್ತದೆ, ಆದರೆ ಎಲ್ಲರಿಗೂ ಬಂದರೆ ಕಟ್‌ಆಫ್ ಕೂಡ ಮೇಲೇರುತ್ತದೆ. ಇದನ್ನು ನಾನು ಹೇಳುವ ಮೊದಲೇ ಅವನು ಹೇಳಿದ. ಆದರೂ ಹುಡುಗಿಯಿಂದ ಸೂತ್ರ ಕೇಳಿ ತರಿಸಿಕೊಂಡು, ಮರುದಿನ ಮಧ್ಯಾಹ್ನ ತಿಕೋಟಾದ ಆನ್‌ಲೈನ್ ಸೆಂಟರಿನಲ್ಲಿ ಶುಲ್ಕ ಕಟ್ಟಿ ತಾನೂ ಆಕ್ಷೇಪಣೆ ಹಾಕಿದ. ಅವಳದು ಬಬಲೇಶ್ವರದಿಂದ ಹೋಯಿತು.

ನಾನು ಆ ಎರಡನೆಯ ಸರಣಿಯ ಬಗ್ಗೆ ನೂರೈವತ್ತು ಪದಗಳ ಸುದ್ದಿ ಕಳಿಸಿದೆ. ಡೆಸ್ಕಿನವರು ಸೂತ್ರ ಎರಡನ್ನೂ ತೆಗೆದು, "ಅಭ್ಯರ್ಥಿಗಳ ಅಸಮಾಧಾನ" ಎಂಬ ಶೀರ್ಷಿಕೆ ಕೊಟ್ಟು ಜಿಲ್ಲಾ ಪುಟದ ಮೂಲೆಯಲ್ಲಿ ಹಾಕಿದರು. ಸೂತ್ರವೇ ಸುದ್ದಿಯಾಗಿತ್ತು. ಅದಕ್ಕೇ ಇಲ್ಲಿ ಪೂರ್ತಿ ಕೊಟ್ಟಿದ್ದೇನೆ. ಅಂತಿಮ ಕೀ ಉತ್ತರ ಇದನ್ನು ಬರೆಯುವವರೆಗೂ ಬಂದಿಲ್ಲ.